ಮೊದಲ ಅಪೀಲಿನಲ್ಲೇ ಬಹುಪಾಲು ಮುಗಿಯುತ್ತದೆ: ಒಂದು ಹೊಲದ ದಾವೆ ಭಾಲ್ಕಿಯಿಂದ ದಿಲ್ಲಿಯವರೆಗೆ

"ಇಲ್ಲಿ ಸೋತ್ರ ಕಲಬುರಗಿ ಐತಿ, ಅಲ್ಲೂ ಸೋತ್ರ ದಿಲ್ಲಿ ಐತಿ" ಎಂಬ ಮಾತು ಬೀದರ್, ಯಾದಗಿರಿ ಕಡೆಯ ಕೋರ್ಟ್ ಆವರಣಗಳಲ್ಲಿ ದಿನವೂ ಕಿವಿಗೆ ಬೀಳುತ್ತದೆ. ಮೇಲಿನ ಪ್ರತಿ ಕೋರ್ಟೂ ಕೇಸನ್ನು ಮತ್ತೆ ಮೊದಲಿನಿಂದ ಕೇಳುತ್ತದೆ ಎಂಬ ನಂಬಿಕೆ ಈ ಮಾತಿನ ಹಿಂದಿದೆ. ಹಾಗೆ ಕೇಳುವುದು ಒಂದೇ ಒಂದು ಮೆಟ್ಟಿಲು, ಅದು ಮೊದಲ ಅಪೀಲು. ಅದಕ್ಕೆ ಜನ ಕೊಡುವ ಗಮನ ಮಾತ್ರ ಎಲ್ಲಕ್ಕಿಂತ ಕಡಿಮೆ.

ಒಂದು ಕಲ್ಪಿತ ದಾವೆ ಇಟ್ಟುಕೊಂಡು ನೋಡೋಣ. ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 3 ಎಕರೆ 20 ಗುಂಟೆ ತೊಗರಿ ಹೊಲ. ಪಕ್ಕದ ಹೊಲದವನು ಬದು ಒತ್ತುತ್ತಿದ್ದಾನೆ ಎಂದು ಮಾಲೀಕ ಶಾಶ್ವತ ನಿರ್ಬಂಧಕಾಜ್ಞೆ ಕೇಳಿ ಭಾಲ್ಕಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲಿ ದಾವೆ ಹೂಡಿದ್ದಾನೆ. ಸಾಮಾನ್ಯವಾಗಿ ತಾಲ್ಲೂಕಿನ ಈ ನ್ಯಾಯಾಧೀಶರೇ ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟ್ ಆಗಿ ಕ್ರಿಮಿನಲ್ ಕೇಸುಗಳನ್ನೂ ನಡೆಸುತ್ತಾರೆ. ಅವರ ಮೇಲೆ ಹಿರಿಯ ಸಿವಿಲ್ ನ್ಯಾಯಾಧೀಶರು, ಜಿಲ್ಲಾ ಕೇಂದ್ರದಲ್ಲಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರು, ಆಮೇಲೆ ಹೈಕೋರ್ಟ್, ಕೊನೆಗೆ ಸುಪ್ರೀಂ ಕೋರ್ಟ್. ಎಲ್ಲ ಕೇಸೂ ಎಲ್ಲ ಮೆಟ್ಟಿಲನ್ನೂ ಹತ್ತುವುದಿಲ್ಲ. ಸಿವಿಲ್ ನ್ಯಾಯಾಧೀಶರ ಡಿಕ್ರಿಯ ಮೇಲಿನ ಅಪೀಲು ನಮ್ಮ ರಾಜ್ಯದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಹೋಗುತ್ತದೆ. ದೊಡ್ಡ ಮೌಲ್ಯದ ದಾವೆ ಹಿರಿಯ ನ್ಯಾಯಾಧೀಶರಲ್ಲೇ ಶುರುವಾಗಿದ್ದರೆ ದಾರಿ ಬೇರೆ. ಆ ಮೌಲ್ಯದ ಮಿತಿಗಳನ್ನು ತಿದ್ದುಪಡಿಗಳು ಬದಲಿಸುತ್ತಿರುತ್ತವೆ, ಹಳೆಯ ಪುಸ್ತಕ ನೋಡಿಕೊಂಡು ಅಪೀಲು ಹಾಕಬಾರದು. ಇನ್ನು ಪಹಣಿ, ಮ್ಯುಟೇಶನ್ ತಕರಾರು ತಹಶೀಲ್ದಾರರಿಂದ ಉಪವಿಭಾಗಾಧಿಕಾರಿಗೆ, ಅಲ್ಲಿಂದ ಜಿಲ್ಲಾಧಿಕಾರಿಗೆ ಹೋಗುವ ಬೇರೆಯೇ ದಾರಿ. ಅಲ್ಲಿ ಅರ್ಜಿ ಬಾಕಿ ಇದೆ ಎಂದು ಇಲ್ಲಿನ ಗಡುವು ಕಾಯುವುದಿಲ್ಲ.

3 ಫೆಬ್ರವರಿ 2025ರಂದು ವಾದಿಯ ಪರ ಡಿಕ್ರಿ ಆಯಿತು ಎಂದುಕೊಳ್ಳಿ. ಸೋತ ಪ್ರತಿವಾದಿಗೆ ಅಪೀಲು ಹಾಕಲು 30 ದಿನ. ತೀರ್ಪು ಬಂದ ದಿನ ಲೆಕ್ಕಕ್ಕಿಲ್ಲ, ಹಾಗಾಗಿ ಮಾರ್ಚ್ 5 ಕೊನೆಯ ದಿನ. ಆದರೆ ದೃಢೀಕೃತ ನಕಲು ಪಡೆಯಲು ಬೇಕಾದ ಸಮಯವನ್ನು ಕಾಲಮಿತಿ ಕಾಯ್ದೆಯ ಕಲಂ 12 ಲೆಕ್ಕದಿಂದ ಹೊರಗಿಡುತ್ತದೆ. ಅವನು ಫೆಬ್ರವರಿ 10ರಂದು ನಕಲು ಅರ್ಜಿ ಕೊಟ್ಟು, 24ರಂದು ನಕಲು ಸಿದ್ಧವಾದರೆ ಎರಡೂ ದಿನ ಸೇರಿ 15 ದಿನ ಲೆಕ್ಕದಿಂದ ಬಿಟ್ಟುಹೋಗುತ್ತವೆ. ಕೊನೆಯ ದಿನ ಮಾರ್ಚ್ 20ಕ್ಕೆ ಸರಿಯುತ್ತದೆ. ಅಂದು ಕೋರ್ಟಿಗೆ ರಜೆ ಇದ್ದರೆ ಮತ್ತೆ ತೆರೆದ ದಿನವೇ ಹಾಕಬೇಕು, ಮರುದಿನ ಅಲ್ಲ.

ಈ ಲೆಕ್ಕದ ಸಾಕ್ಷಿ ನಕಲಿನ ಮೇಲೇ ಇರುತ್ತದೆ. ಅರ್ಜಿ ಕೊಟ್ಟ ದಿನ, ಶುಲ್ಕ ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೈಗೆ ಕೊಟ್ಟ ದಿನ ಎಲ್ಲವನ್ನೂ ನಕಲು ವಿಭಾಗದವರು ಮುದ್ರೆ ಒತ್ತಿ ಬರೆದಿರುತ್ತಾರೆ. ಎಡವುವುದು ಇಲ್ಲಿಯೇ. ನಕಲು 24ಕ್ಕೆ ಸಿದ್ಧವಿದ್ದರೂ ಕಕ್ಷಿದಾರ ಮಾರ್ಚ್ 10ಕ್ಕೆ ಹೋಗಿ ತಂದರೆ ನಡುವಿನ ದಿನಗಳು ಅವನ ಖಾತೆಗೇ ಬೀಳುತ್ತವೆ. ಶುಲ್ಕ ಕಟ್ಟಲು ತಡ ಮಾಡಿದ ದಿನಗಳೂ ಅಷ್ಟೇ. 30 ದಿನ ಪೂರ್ತಿ ಮುಗಿದ ಮೇಲೆ ನಕಲಿಗೆ ಅರ್ಜಿ ಕೊಟ್ಟರೆ ಒಂದು ದಿನವೂ ಬಿಟ್ಟು ಸಿಗುವುದಿಲ್ಲ. ತೀರ್ಪು ಓದಿದ ದಿನವೇ ನಕಲು ಅರ್ಜಿ ಕೊಟ್ಟುಬಿಡಿ, ಅಪೀಲು ಹಾಕುವುದೋ ಬಿಡುವುದೋ ಆಮೇಲೆ ಯೋಚಿಸಿ.

ಗಡುವು ಮೀರಿದರೆ ಬಾಗಿಲು ಮುಚ್ಚಿತು ಅಂತಲ್ಲ. ಕಲಂ 5ರ ಅರ್ಜಿ ಮತ್ತು ಪ್ರಮಾಣಪತ್ರ ಕೊಟ್ಟು ವಿಳಂಬ ಮನ್ನಾ ಕೇಳಬಹುದು. "ವಕೀಲರು ತಿಳಿಸಲಿಲ್ಲ" ಎಂಬ ಒಂದೇ ಸಾಲಿನ ಕಾರಣ ಈಗ ಸುಲಭವಾಗಿ ನಡೆಯುವುದಿಲ್ಲ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಏನಾಗಿತ್ತು ಎಂದು ಕಾಗದ ಸಮೇತ ಹೇಳಬೇಕು. ತಡವಾದ ಅಪೀಲಿನಲ್ಲಿ ಇನ್ನೊಂದು ನಷ್ಟವಿದೆ. ಅಪೀಲನ್ನು ವಿಚಾರಣೆಗೆ ತೆಗೆದುಕೊಳ್ಳಲು ಕೋರ್ಟ್ ನಿರ್ಧರಿಸುವವರೆಗೆ ಡಿಕ್ರಿ ಜಾರಿಗೆ ತಡೆ ಕೊಡುವಂತಿಲ್ಲ.

ತಡೆಯ ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಅಪೀಲು ಹಾಕಿದ್ದೇ ತಡೆಯಾಜ್ಞೆ ಆಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 41, ನಿಯಮ 5 ಇದನ್ನು ನೇರವಾಗಿಯೇ ಹೇಳುತ್ತದೆ. "ಅಪೀಲು ಹಾಕೀನಿ" ಎಂದು ಧೈರ್ಯ ಮಾಡಿ ಬದು ದಾಟಿ ಉತ್ತವನ ಮೇಲೆ ಕೆಳಗಿನ ಕೋರ್ಟಿನಲ್ಲಿ ಜಾರಿ ಅರ್ಜಿ ಬರುತ್ತದೆ, ಆಸ್ತಿ ಜಪ್ತಿಯೋ ಸಿವಿಲ್ ಜೈಲೋ ಆಗಬಹುದು. ತಡೆ ಬೇಕಿದ್ದರೆ ಪ್ರತ್ಯೇಕ ಅರ್ಜಿ ಹಾಕಿ, ತಡೆ ಸಿಗದಿದ್ದರೆ ಆಗುವ ನಷ್ಟ ತೋರಿಸಬೇಕು, ತಡ ಮಾಡದೆ ಬಂದಿರಬೇಕು, ಭದ್ರತೆ ಕೊಡಲು ಸಿದ್ಧನಿರಬೇಕು. ಗೆದ್ದವನಿಗೂ ಒಂದು ಕೆಲಸವಿದೆ. ಅಪೀಲು ಹೋಗಬಹುದಾದ ಕೋರ್ಟಿನಲ್ಲಿ ಕಲಂ 148ಎ ಪ್ರಕಾರ ಕೇವಿಯಟ್ ಹಾಕಿಟ್ಟರೆ, ಅವನ ಮಾತು ಕೇಳದೆ ತಡೆ ಕೊಡುವುದಿಲ್ಲ. ಕೇವಿಯಟ್‌ಗೆ 90 ದಿನ ಆಯುಷ್ಯ. ಮುಗಿದರೆ ಹೊಸದು ಹಾಕಬೇಕು.

ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಈಗ ಅದು ಆರ್‌.ಎ., ಅಂದರೆ ರೆಗ್ಯುಲರ್ ಅಪೀಲು. ಇಲ್ಲಿ ಸಂಗತಿಗಳೂ ಕಾನೂನೂ ಎರಡೂ ತೆರೆದಿರುತ್ತವೆ. ಯಾವ ಸಾಕ್ಷಿ ಪಾಟೀ ಸವಾಲಿನಲ್ಲಿ ಏನು ಒಪ್ಪಿಕೊಂಡ, ಸಾಕ್ಷ್ಯವಾಗಿ ನಿಶಾನೆ ಮಾಡಿದ ಪಹಣಿಗಳಲ್ಲಿ ಯಾರ ಹೆಸರಿದೆ, ಕೋರ್ಟ್ ಕಮಿಷನರ್ ಆಗಿ ಹೋದ ಸರ್ವೇಯರ್ ನಕಾಶೆಯಲ್ಲಿ ಬದು ಎಲ್ಲಿ ತೋರಿಸಿದ್ದಾನೆ ಎಲ್ಲವನ್ನೂ ಅಪೀಲು ನ್ಯಾಯಾಧೀಶರು ತಾವೇ ತೂಗಿ ನೋಡಬೇಕು. ಅವರ ತೀರ್ಪಿನಲ್ಲಿ ನಿರ್ಧರಿಸಬೇಕಾದ ಅಂಶಗಳು, ಪ್ರತಿ ಅಂಶದ ನಿರ್ಣಯ, ಅದಕ್ಕೆ ಕಾರಣ ಇರಲೇಬೇಕು. ಅಪೀಲಿನ ಮೆಮೊದಲ್ಲಿ "ಕೆಳ ಕೋರ್ಟಿನ ತೀರ್ಪು ಕಾನೂನು ಮತ್ತು ಸಂಗತಿಗಳಿಗೆ ವಿರುದ್ಧವಾಗಿದೆ" ಎಂಬ ಸಿದ್ಧ ಸಾಲುಗಳನ್ನೇ ತುಂಬಿಸಿದರೆ ನ್ಯಾಯಾಧೀಶರಿಗೆ ಹಿಡಿಯಲು ಏನೂ ಸಿಗುವುದಿಲ್ಲ. "ನಿಶಾನೆ ಪಿ-4ರ ನಕಾಶೆಯ ಬಗ್ಗೆ ತೀರ್ಪಿನಲ್ಲಿ ಚರ್ಚೆಯೇ ಇಲ್ಲ" ಎಂದು ಬರೆದರೆ ಆ ಒಂದು ಸಾಲಿಗೆ ಅವರು ಉತ್ತರ ಕೊಡಲೇಬೇಕಾಗುತ್ತದೆ.

ಕೆಳಗೆ ಹಾಜರುಪಡಿಸದ ಹೊಸ ಕಾಗದವನ್ನು ಇಲ್ಲಿ ತರಬಹುದೇ? ಆದೇಶ 41, ನಿಯಮ 27 ಮೂರು ಸಂದರ್ಭ ಮಾತ್ರ ಒಪ್ಪುತ್ತದೆ. ಕೆಳ ಕೋರ್ಟ್ ತೆಗೆದುಕೊಳ್ಳಬೇಕಿದ್ದ ಸಾಕ್ಷ್ಯವನ್ನು ನಿರಾಕರಿಸಿರಬೇಕು. ಎಷ್ಟು ಹುಡುಕಿದರೂ ಆಗ ಸಿಗದಿದ್ದ ಕಾಗದವಾಗಿರಬೇಕು. ಇಲ್ಲವೇ ತೀರ್ಪು ಕೊಡಲು ಅದು ಸ್ವತಃ ಅಪೀಲು ಕೋರ್ಟಿಗೇ ಬೇಕಾಗಿರಬೇಕು. ಮನೆಯ ಪೆಟ್ಟಿಗೆಯಲ್ಲೇ ಇದ್ದ ಖರೀದಿ ಪತ್ರವನ್ನು ಮರೆತವನಿಗೆ ಈ ಮೂರರಲ್ಲಿ ಜಾಗ ಸಿಗುವುದು ಕಷ್ಟ.

ನಮ್ಮ ಉದಾಹರಣೆಯಲ್ಲಿ ಹಿರಿಯ ನ್ಯಾಯಾಧೀಶರು ಡಿಕ್ರಿ ರದ್ದು ಮಾಡಿದರು ಎಂದುಕೊಳ್ಳಿ. ಪಹಣಿಯಲ್ಲಿ ಪ್ರತಿವಾದಿಯ ಹೆಸರು ಇದೆ ಎಂಬುದನ್ನೇ ಹಿಡಿದರು, ಕಮಿಷನರ್ ನಕಾಶೆಯ ಮಾತೇ ಎತ್ತಲಿಲ್ಲ. ಈಗ ವಾದಿ 90 ದಿನದೊಳಗೆ ಹೈಕೋರ್ಟಿಗೆ ಬರಬೇಕು. 2008ರ ಜುಲೈಯಲ್ಲಿ ಕಲಬುರಗಿಗೆ ಬಂದ ಸಂಚಾರಿ ಪೀಠ 2013ರ ಆಗಸ್ಟ್‌ನಲ್ಲಿ ಕಾಯಂ ಆಯಿತು. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಅಪೀಲುಗಳಿಗೆ ಬೆಂಗಳೂರಿನ ರೈಲು ಹತ್ತಬೇಕಿಲ್ಲ. ಕೇಸಿನ ನಂಬರ್ 200ರಿಂದ ಶುರುವಾಗುವ ಆರು ಅಂಕಿಯದಾಗಿದ್ದರೆ ಅದು ಕಲಬುರಗಿ ಪೀಠದ್ದು, 100ರಿಂದ ಶುರುವಾದರೆ ಧಾರವಾಡದ್ದು. ವೆಬ್‌ಸೈಟಿನಲ್ಲಿ ಕೇಸು ಹುಡುಕುವವರು ಪೀಠ ತಪ್ಪಾಗಿ ಆರಿಸಿ "ಸಿಗ್ತಾ ಇಲ್ಲ" ಎನ್ನುವುದುಂಟು.

ಇಲ್ಲಿ ಅದು ಆರ್‌ಎಸ್‌ಎ, ಎರಡನೇ ಅಪೀಲು. ಬಾಗಿಲು ಬಹಳ ಕಿರಿದು. ಕಲಂ 100ರ ಪ್ರಕಾರ ಕಾನೂನಿನ ಗಣನೀಯ ಪ್ರಶ್ನೆ ಒಂದಿರಬೇಕು, ಅದನ್ನು ನ್ಯಾಯಮೂರ್ತಿಗಳು ದಾಖಲಿಸಿ ಅಪೀಲನ್ನು ಅಂಗೀಕರಿಸಬೇಕು, ವಿಚಾರಣೆ ಆ ಪ್ರಶ್ನೆಯ ಮೇಲೆ ನಡೆಯಬೇಕು. "ಹೊಲ ನಂದೇ, ಊರಿಗೆಲ್ಲ ಗೊತ್ತೈತಿ" ಎಂಬುದು ಸಂಗತಿ. ಅದು ಕೆಳಗೇ ಮುಗಿದ ಮಾತು. ಕೆಳಗಿನ ಎರಡೂ ಕೋರ್ಟುಗಳು ಒಂದೇ ತೀರ್ಮಾನಕ್ಕೆ ಬಂದಿದ್ದರೆ ಆರ್‌ಎಸ್‌ಎ ಅಂಗೀಕಾರದ ಹಂತದಲ್ಲೇ ಬಿದ್ದುಹೋಗುವ ಸಾಧ್ಯತೆ ಹೆಚ್ಚು. ಈ ವಾದಿಗೆ ಮಾತ್ರ ಒಂದು ನೆಲೆ ಇದೆ. ಪಹಣಿಯ ನಮೂದು ಸರಿ ಎಂಬ ಊಹೆಯನ್ನು ಭೂ ಕಂದಾಯ ಕಾಯ್ದೆಯ ಕಲಂ 133 ಕೊಡುತ್ತದೆ ನಿಜ, ಆದರೆ ವಿರುದ್ಧ ಸಾಕ್ಷ್ಯ ಬರುವವರೆಗೆ ಮಾತ್ರ. ದಾಖಲೆಯಲ್ಲಿದ್ದ ನಕಾಶೆಯನ್ನು ನೋಡದೆ ಆ ಊಹೆಯ ಮೇಲೆಯೇ ಡಿಕ್ರಿ ರದ್ದು ಮಾಡಬಹುದೇ ಎಂಬುದು ಕಾನೂನಿನ ಪ್ರಶ್ನೆ. ಆದರೆ ಆ ನಕಾಶೆ ಭಾಲ್ಕಿಯಲ್ಲೇ ನಿಶಾನೆ ಆಗಿರದಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ಪ್ರತಿವಾದಿಯ ಕಡೆಗೂ ಒಂದು ಅಸ್ತ್ರವಿದೆ. ಮಾಲೀಕತ್ವದ ಮೇಲೇ ಗಂಭೀರ ತಕರಾರು ಇದ್ದಾಗ ಹಕ್ಕು ಘೋಷಣೆ ಕೇಳದೆ ಬರೀ ನಿರ್ಬಂಧಕಾಜ್ಞೆ ಕೇಳಿದ ದಾವೆ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರ ಅನಾಥುಲ ಸುಧಾಕರ್ ಪ್ರಕರಣದಲ್ಲಿ ಹೇಳಿದೆ. ನಿರ್ಬಂಧಕಾಜ್ಞೆಗೆ ಕೋರ್ಟ್ ಫೀ ಕಡಿಮೆ ಎಂದು ಆ ದಾರಿ ಹಿಡಿದ ಎಷ್ಟೋ ದಾವೆಗಳು ವರ್ಷಗಳಾದ ಮೇಲೆ ಇಲ್ಲಿಗೆ ಬಂದು ಕುಸಿಯುತ್ತವೆ.

ಎರಡನೇ ಅಪೀಲಿನಲ್ಲಿ ಏಕಸದಸ್ಯ ಪೀಠ ಕೊಟ್ಟ ತೀರ್ಪಿನ ಮೇಲೆ ಅದೇ ಹೈಕೋರ್ಟಿನ ದ್ವಿಸದಸ್ಯ ಪೀಠಕ್ಕೆ ಅಪೀಲಿಲ್ಲ, ಕಲಂ 100ಎ ಅದನ್ನು ಮುಚ್ಚಿದೆ. ಉಳಿಯುವುದು ಸಂವಿಧಾನದ 136ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ, ಅಂದರೆ ಎಸ್‌ಎಲ್‌ಪಿ. ಇದಕ್ಕೂ 90 ದಿನ. ಅಲ್ಲಿ ಕಾಗದ ಹಾಕುವವರು ಆ ಕೋರ್ಟಿನ ಅಡ್ವೊಕೇಟ್ ಆನ್ ರೆಕಾರ್ಡ್, ಅಂದರೆ ಅಲ್ಲಿ ಅರ್ಜಿ ಹಾಕಲು ನೋಂದಣಿಯಾದ ವಕೀಲರು ಆಗಿರಬೇಕು. ಭಾಲ್ಕಿಯಲ್ಲಿ ಕನ್ನಡದಲ್ಲಿ ಬರೆದುಕೊಂಡ ಸಾಕ್ಷಿ ಹೇಳಿಕೆ, ಪಹಣಿ, ನಕಾಶೆಯ ಟಿಪ್ಪಣಿ ಎಲ್ಲವೂ ಇಂಗ್ಲಿಷಿಗೆ ಅನುವಾದ ಆಗಬೇಕು. ಇದಕ್ಕೆ ವಾರಗಳೇ ಹಿಡಿಯುವುದರಿಂದ ಹೈಕೋರ್ಟ್ ತೀರ್ಪು ಬಂದ ವಾರವೇ ಅನುವಾದಕ್ಕೆ ಕೊಡುವುದು ಒಳ್ಳೆಯದು.

ಎಸ್‌ಎಲ್‌ಪಿ ಎಂದರೆ ಅಪೀಲಲ್ಲ, ಅಪೀಲು ಹಾಕಲು ಅನುಮತಿ ಕೊಡಿ ಎಂಬ ಕೋರಿಕೆ. ಅನುಮತಿ ಸಿಕ್ಕರೆ ಮಾತ್ರ ಅದು ಸಿವಿಲ್ ಅಪೀಲಾಗಿ ಬೇರೆ ನಂಬರ್ ಪಡೆಯುತ್ತದೆ. ಕಾರಣ ಕೊಡದೆ ಒಂದೇ ಸಾಲಿನಲ್ಲಿ ವಜಾ ಆದರೆ, ಹೈಕೋರ್ಟಿನ ತೀರ್ಪು ಸರಿ ಎಂದು ಸುಪ್ರೀಂ ಕೋರ್ಟ್ ಮುದ್ರೆ ಒತ್ತಿದಂತೆ ಆಗುವುದಿಲ್ಲ. 2000ದ ಕುಂಞಯಮ್ಮದ್ ಪ್ರಕರಣದಿಂದ ಇದು ಸ್ಪಷ್ಟವಾಗಿದೆ. ಹೈಕೋರ್ಟಿನಲ್ಲಿ ಪುನರ್‌ಪರಿಶೀಲನೆ ಕೇಳುವ ದಾರಿ ಆಗಲೂ ಉಳಿದಿರುತ್ತದೆ, ಆದರೆ ದಾಖಲೆಯ ಮೇಲೇ ಎದ್ದು ಕಾಣುವ ತಪ್ಪಿನಂಥ ಕಾರಣ ಬೇಕು. ಅದಕ್ಕಿರುವ ಗಡುವು ಹೈಕೋರ್ಟ್ ತೀರ್ಪಿನ ದಿನದಿಂದ 30 ದಿನ. ದಿಲ್ಲಿಯಿಂದ ವಾಪಸ್ ಬರುವಷ್ಟರಲ್ಲಿ ಅದು ಎಂದೋ ಮುಗಿದಿರುವುದರಿಂದ ವಿಳಂಬ ಮನ್ನಾದ ಅರ್ಜಿಯನ್ನೂ ಜೊತೆಗೇ ಹಾಕಬೇಕಾಗುತ್ತದೆ.