ಚೂಡಿದಾರ್ ಪ್ಯಾಂಟ್: ಹೆಚ್ಚಿನ ಉದ್ದ ಎಲ್ಲಿ ಕೂಡಿಸಬೇಕು, ಅರಿವೆ ಓರೆಯಾಗಿ ಯಾಕೆ ಕತ್ತರಿಸಬೇಕು

ಹರಡಿನ ಮೇಲೆ ಬಳೆ ಏರಿಸಿದಂತೆ ಸುಕ್ಕು ಬೀಳದಿದ್ದರೆ ಅದು ಚೂಡಿದಾರ್ ಪ್ಯಾಂಟ್ ಅಲ್ಲ. ಸುಕ್ಕಿಗಾಗಿ ಉದ್ದ 6 ಇಂಚು ಜಾಸ್ತಿ ಹಿಡಿಯಬೇಕು ಅನ್ನೋದು ಎಲ್ಲರಿಗೂ ಗೊತ್ತು. ಆ 6 ಇಂಚನ್ನು ಎಲ್ಲಿ ಕೂಡಿಸಬೇಕು ಅನ್ನೋದರಲ್ಲೇ ಕೆಲಸ ಕೆಡುವುದು ಜಾಸ್ತಿ.

ಗದಗಿನ ನಮ್ಮ ಹೊಲಿಗೆ ಕ್ಲಾಸಿನಲ್ಲಿ ಹಾಕಿದ ಒಂದು ಡ್ರಾಫ್ಟ್ ತೆಗೆದುಕೊಳ್ಳೋಣ. ಸೊಂಟದಿಂದ ಹರಡಿನವರೆಗೆ ಉದ್ದ 38 ಇಂಚು, ಸೀಟು 38. ಸೊಂಟದಿಂದ ಮೀನಖಂಡದ ದಪ್ಪ ಭಾಗಕ್ಕೆ 27, ಅಲ್ಲಿ ಸುತ್ತಳತೆ 13.5. ಹರಡಿನ ಸುತ್ತು 9. ಹಿಮ್ಮಡಿ ಮತ್ತು ಪಾದದ ಮೇಲ್ಭಾಗ ಸೇರಿಸಿ ಸುತ್ತಿದರೆ 12.5.

ಲಾಡಿ ಹಾಕುವ ಬೆಲ್ಟು 7 ಇಂಚು. ಅದನ್ನು ನೇರ ಅರಿವೆಯಲ್ಲೇ ಬೇರೆ ಕತ್ತರಿಸುತ್ತೇವೆ. ಹಾಗಾಗಿ ಕಾಲಿನ ಭಾಗದಲ್ಲಿ ಹರಡಿನ ಗೆರೆ ಮೇಲಿನಿಂದ 31 ಇಂಚಿಗೆ, ಮೀನಖಂಡದ ಗೆರೆ 20 ಇಂಚಿಗೆ ಬರುತ್ತದೆ. ಈ ಎರಡು ಗೆರೆಗಳನ್ನು ಅಲುಗಾಡಿಸಬಾರದು. ಹೆಚ್ಚಿನ 6 ಇಂಚು ಹರಡಿನ ಗೆರೆಯ ಕೆಳಗೆ ಬರಬೇಕು, ಅದರ ಕೆಳಗೆ ಮಡಿಕೆಗೆ 1 ಇಂಚು.

ಮಡಚಿದ ಪೇಪರಿನ ಮೇಲೆ ಅಗಲ ಹೀಗೆ: ಆಸನದ ಹತ್ತಿರ ಸೀಟಿನ ಮೂರನೇ ಒಂದು ಭಾಗ, ಅಂದರೆ ಸುಮಾರು 12.5. ಮೀನಖಂಡಕ್ಕೆ ಒಂದೂವರೆ ಇಂಚು ಸಡಿಲ ಬಿಟ್ಟು 7.5. ಹರಡಿನ ಗೆರೆಗೆ 5. ಅಲ್ಲಿಂದ ಕೆಳಗಿನ 6 ಇಂಚೂ ಅದೇ 5ರಲ್ಲೇ ನೇರವಾಗಿ ಇಳಿಯಬೇಕು. ಹೊಲಿಗೆಯ ಅಂಚು ಬೇರೆ ಬಿಡಬೇಕು.

ಹೊಸಬರು ಸಾಮಾನ್ಯವಾಗಿ ಮೀನಖಂಡದಿಂದ ಕೊನೆಯವರೆಗೆ ಒಂದೇ ಗೆರೆ ಎಳೆದುಬಿಡುತ್ತಾರೆ. ಆಗ ಹರಡಿನ ಗೆರೆಯಲ್ಲಿ ಅಗಲ 5 ಇರೋದಿಲ್ಲ, ಸುಮಾರು 5.9 ಆಗುತ್ತದೆ. ಅಂದರೆ 9 ಇಂಚಿನ ಹರಡಿನ ಸುತ್ತ ಸುಮಾರು 12 ಇಂಚು ಅರಿವೆ. ಅರಿವೆ ಕಾಲನ್ನು ಹಿಡಿಯದಿದ್ದರೆ ಸುಕ್ಕು ನಿಲ್ಲುವುದಾದರೂ ಎಲ್ಲಿ? ಎಲ್ಲ ಜಾರಿ ಪಾದದ ಮೇಲೆ ಗುಡ್ಡೆ ಬೀಳುತ್ತದೆ, ನಡೆಯುವಾಗ ಹಿಮ್ಮಡಿಯ ಕೆಳಗೆ ಸಿಗುತ್ತದೆ. ಅದಕ್ಕೇ ನಮ್ಮ ಅಕ್ಕಾರು ಡ್ರಾಫ್ಟ್ ನೋಡುವಾಗ ಮೊದಲು ಕೇಳೋದು, "ಹರಡಿನ ಗೆರಿ ಎಲ್ಲೈತಿ ತೋರಿಸವಾ."

ಅರ್ಧ ಇಂಚು ಆಳದ ಒಂದು ಸುಕ್ಕು ಹೋಗಿ ಬರುವುದರಲ್ಲಿ 1 ಇಂಚು ಅರಿವೆ ತಿನ್ನುತ್ತದೆ. 6 ಇಂಚಿಗೆ ಹೆಚ್ಚು ಕಡಿಮೆ ಆರು ಸುಕ್ಕು ಅಂತ ಲೆಕ್ಕ ಹಿಡಿಯಬಹುದು. ತೆಳು ಮಲ್ಮಲ್ ಆದರೆ 8 ಇಂಚು ಕೊಟ್ಟರೂ ಚೆನ್ನ. ದಪ್ಪ ಖಾದಿಗೆ 4 ಸಾಕು, ಜಾಸ್ತಿ ಕೊಟ್ಟರೆ ಹರಡು ಊದಿಕೊಂಡಂತೆ ಕಾಣುತ್ತದೆ.

ಇನ್ನು ಓರೆ ಕಟಿಂಗ್ ವಿಷಯ. ನೇಯ್ದ ಅರಿವೆಯನ್ನು ಹಾಸಿನ ದಿಕ್ಕಿಗೆ ಎಳೆಯಿರಿ, ಹೊಕ್ಕಿನ ದಿಕ್ಕಿಗೆ ಎಳೆಯಿರಿ, ಅದು ಹೆಚ್ಚೇನೂ ಹಿಗ್ಗೋದಿಲ್ಲ, ಯಾಕೆಂದರೆ ನೂಲನ್ನೇ ಎಳೆದಂತೆ. ಮೂಲೆಯಿಂದ ಮೂಲೆಗೆ ಎಳೆದರೆ ಮಾತ್ರ ಹಾಸು ಹೊಕ್ಕಿನ ಚೌಕಗಳು ವಾಲಿ ಉದ್ದನೆಯ ವಜ್ರದಾಕಾರ ಆಗುತ್ತವೆ. ನೂಲು ಉದ್ದವಾಗದೆಯೇ ಅರಿವೆ ಉದ್ದವಾಗುತ್ತದೆ. ಕೆಳಗೆ ಕೂತಾಗ ಮೊಣಕಾಲಿಗೆ, ಮೆಟ್ಟಿಲು ಹತ್ತುವಾಗ ಮೀನಖಂಡಕ್ಕೆ ಬೇಕಾದ ಜಾಗ ಸಿಗೋದು ಇದರಿಂದಲೇ. ಬಿಗಿ ಚೂಡಿದಾರನ್ನು ನೇರ ಅರಿವೆಯಲ್ಲಿ ಹೊಲಿದರೆ ಮೊಣಕಾಲು ಹಿಡಿಯುತ್ತದೆ ಇಲ್ಲವೇ ಹೊಲಿಗೆ ಬಿಡುತ್ತದೆ. ಸುಕ್ಕೂ ದುಂಡಗೆ ಬೀಳದೆ ಮೂಲೆ ಮೂಲೆಯಾಗಿ ನಿಲ್ಲುತ್ತದೆ.

ಓರೆ ಹಾಕಲು ಅರಿವೆ ಹಾಳಾಗದ ದಾರಿ ಚೀಲ ಹೊಲಿಯುವುದು. 44 ಇಂಚು ಪನ್ನಾದ ಅರಿವೆಯನ್ನು ಓರೆಯಾಗಿ ಸುತ್ತಿ ಅಂಚಿಗೆ ಅಂಚು ಸೇರಿಸಿ ಹೊಲಿದರೆ, ಹಾಸಿದಾಗ ಸುಮಾರು 31 ಇಂಚು ಅಗಲದ ಚೀಲ ಆಗುತ್ತದೆ. ಅದರ ಎರಡು ಮಡಿಕೆಗಳೂ 45 ಡಿಗ್ರಿ ಓರೆಯಲ್ಲಿರುತ್ತವೆ. ಎರಡೂ ಮಡಿಕೆಗೆ ಒಂದೊಂದು ಕಾಲಿನ ಪೇಪರ್ ಇಡಿ. 12.5 ಮತ್ತು 12.5 ಸೇರಿ 25 ತಾನೇ, ಹೊಲಿಗೆ ಅಂಚಿಗೂ ಜಾಗ ಉಳಿಯುತ್ತದೆ. ಕತ್ತರಿಸುವ ಮೊದಲು ಚೀಲದ ಜೋಡಣೆ ಎಲ್ಲಿ ಬರುತ್ತದೆ ನೋಡಿ. ಆ ಹೊಲಿಗೆ ನೇರ ನೂಲಿನ ಮೇಲಿದೆ, ಹಿಗ್ಗೋದಿಲ್ಲ. ತೊಡೆಯ ಹತ್ತಿರ ಬಂದರೆ ಚಿಂತೆ ಇಲ್ಲ. ಹರಡಿನ ಹತ್ತಿರ ಬಂದರೆ ಅಲ್ಲಿ ಸುಕ್ಕು ಮುರಿದಂತೆ ಕಾಣುತ್ತದೆ, ಪೇಪರ್ ಸ್ವಲ್ಪ ಸರಿಸಿ.

ಕಾಲಿನ ಬಾಯಿ 10 ಇಂಚು, ಹಿಮ್ಮಡಿ ದಾಟಲು ಬೇಕಾದದ್ದು 12.5. ಅರಿವೆ ಓರೆಯಲ್ಲಿದ್ದರೂ ಮಡಿಕೆ ಹೊಲಿದ ಮೇಲೆ ಬಾಯಿ ಅಷ್ಟು ಹಿಗ್ಗೋದಿಲ್ಲ, ಒತ್ತಾಯ ಮಾಡಿದರೆ ದಾರ ಹರಿಯುತ್ತದೆ. ಒಳಗಿನ ಹೊಲಿಗೆಯನ್ನು ಕೆಳಗೆ 3 ಇಂಚು ಬಿಟ್ಟು ಹುಕ್ಕು ಇಲ್ಲವೇ ಟಿಚ್ ಬಟನ್ ಹಾಕಿ.

ಮಡಿಕೆ ಹೊಲಿಯುವುದಕ್ಕೆ ಅವಸರ ಬೇಡ. ಓರೆ ಅರಿವೆ ತನ್ನ ಭಾರಕ್ಕೇ ಇಳಿದು ಉದ್ದವಾಗುತ್ತದೆ, ಅಗಲ ಕಡಿಮೆಯಾಗುತ್ತದೆ. ಕಾಲು ಜೋಡಿಸಿ ಒಂದು ರಾತ್ರಿ ತೂಗುಹಾಕಿ, ಬೆಳಿಗ್ಗೆ ಎರಡೂ ಕಾಲು ಮತ್ತೆ ಅಳೆದು ಸಮ ಮಾಡಿ, ಆಮೇಲೆ ಮಡಚಿ.

ಲೈಕ್ರಾ ಇರುವ ಹೆಣಿಗೆ ಅರಿವೆಗೆ ಈ ಓರೆಯ ಕೆಲಸ ಬೇಕಿಲ್ಲ, ಅದು ತಾನೇ ಹಿಗ್ಗುತ್ತದೆ. ಹೆಚ್ಚು ಹಿಗ್ಗುವ ದಿಕ್ಕು ಕಾಲಿನ ಸುತ್ತಲೂ ಬರುವಂತೆ ನೇರವಾಗಿ ಕತ್ತರಿಸಿದರೆ ಆಯಿತು. ಆದರೆ ಹರಡಿನ ಕೆಳಗಿನ ಹೆಚ್ಚಿನ ಉದ್ದ ಅದಕ್ಕೂ ಕೊಡಲೇಬೇಕು.