ಮೂರು ದಿನಾಂಕಗಳಲ್ಲಿ ಬಡ್ಡಿಯ ಲೆಕ್ಕ ಯಾವುದರ ಮೇಲೆ?

ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಯೊಬ್ಬರ ಕ್ಯಾಶ್ ಕ್ರೆಡಿಟ್ ಖಾತೆಯಲ್ಲಿ 12 ಲಕ್ಷ ರೂಪಾಯಿ ಸಾಲದ ಬಾಕಿ ಇದೆ, ಬಡ್ಡಿ ದರ ಶೇ. 10.95 ಎಂದು ಇಟ್ಟುಕೊಳ್ಳೋಣ. ಶನಿವಾರ ಚೆಕ್‌ಗಳನ್ನು ಕ್ಲಿಯರಿಂಗ್‌ಗೆ ಕಳುಹಿಸುವ ಸಮಯ ಮೀರಿದ ಮೇಲೆ ಅವರು 5 ಲಕ್ಷದ ಚೆಕ್ಕೊಂದನ್ನು ಜಮಾ ಮಾಡುತ್ತಾರೆ. ಸ್ಟೇಟ್‌ಮೆಂಟಿನಲ್ಲಿ ಅಂದೇ ಜಮೆ ಕಾಣುತ್ತದೆ, ಬಾಕಿ 7 ಲಕ್ಷಕ್ಕೆ ಇಳಿದಿರುತ್ತದೆ. ಆದರೆ ಆ ಸಾಲಿನ ವ್ಯಾಲ್ಯೂ ಡೇಟ್ ಸೋಮವಾರದ್ದು.

ವ್ಯವಹಾರ ನಡೆದ ದಿನ ಟ್ರಾನ್ಸಾಕ್ಷನ್ ಡೇಟ್, ಬ್ಯಾಂಕು ಅದನ್ನು ಲೆಕ್ಕದ ಪುಸ್ತಕಕ್ಕೆ ಏರಿಸಿದ ದಿನ ಪೋಸ್ಟಿಂಗ್ ಡೇಟ್. ಹಣ ಯಾವ ದಿನದಿಂದ ಬಡ್ಡಿಯ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಹೇಳುವುದು ವ್ಯಾಲ್ಯೂ ಡೇಟ್. ಹೀಗಾಗಿ ಶನಿವಾರ ಮತ್ತು ಭಾನುವಾರ ಬಡ್ಡಿ ಬೀಳುವುದು 7 ಲಕ್ಷದ ಮೇಲಲ್ಲ, ಪೂರ್ತಿ 12 ಲಕ್ಷದ ಮೇಲೆ: ದಿನಕ್ಕೆ 210 ರೂಪಾಯಿಯ ಬದಲು 360. ಎರಡು ದಿನಕ್ಕೆ 300 ರೂಪಾಯಿ ವ್ಯತ್ಯಾಸ. ಬಾಕಿಯ ಅಂಕಣವನ್ನೇ ನಂಬಿ ಬಡ್ಡಿ ತಾಳೆ ನೋಡಿದವರಿಗೆ ಬ್ಯಾಂಕು ಹೆಚ್ಚು ವಸೂಲು ಮಾಡಿದಂತೆ ತೋರುತ್ತದೆ. ಆ ಅಂಕಣ ಸಾಮಾನ್ಯವಾಗಿ ಪೋಸ್ಟಿಂಗ್ ಕ್ರಮವನ್ನು ಅನುಸರಿಸುತ್ತದೆ, ಬಡ್ಡಿ ಮಾತ್ರ ವ್ಯಾಲ್ಯೂ ಡೇಟ್ ಹಿಂದೆ ಹೋಗುತ್ತದೆ.

ಇದೇ ವ್ಯತ್ಯಾಸ ಗ್ರಾಹಕರ ಪರವಾಗಿಯೂ ನಿಲ್ಲುತ್ತದೆ. 6ನೇ ತಾರೀಖು ತಪ್ಪಾಗಿ 2 ಲಕ್ಷ ಖರ್ಚು ಹಾಕಿದ ಬ್ಯಾಂಕು 14ರಂದು ಅದನ್ನು ಮರಳಿ ಜಮೆ ಮಾಡಿತೆನ್ನಿ. ತಿದ್ದುಪಡಿಯ ಸಾಲಿಗೆ 6ರ ವ್ಯಾಲ್ಯೂ ಡೇಟ್ ಕೊಟ್ಟರೆ ತಪ್ಪು ನಡೆದೇ ಇಲ್ಲವೆಂಬಂತೆ ಬಡ್ಡಿ ಕಟ್ಟಲಾಗುತ್ತದೆ. 14ರ ವ್ಯಾಲ್ಯೂ ಡೇಟ್ ಬಿದ್ದರೆ ಅಸಲು ಮರಳಿದರೂ ದಿನಕ್ಕೆ 60ರಂತೆ ಎಂಟು ದಿನಗಳ 480 ರೂಪಾಯಿ ಗ್ರಾಹಕರ ಮೇಲೆಯೇ ಉಳಿಯುತ್ತದೆ. ಇಂಥ ತಿದ್ದುಪಡಿ ಬಂದಾಗ ಮೊತ್ತಕ್ಕಿಂತ ಮೊದಲು ನೋಡಬೇಕಾದದ್ದು ಈ ದಿನಾಂಕವನ್ನೇ. ಉಳಿತಾಯ ಖಾತೆಯಲ್ಲೂ 2010ರ ಏಪ್ರಿಲ್ 1ರಿಂದ ಬಡ್ಡಿಯನ್ನು ದಿನದ ಬಾಕಿಯ ಮೇಲೆ ಲೆಕ್ಕ ಹಾಕುವುದರಿಂದ ಒಂದು ದಿನದ ಸರಿದಾಟಕ್ಕೂ ಬೆಲೆ ಇದೆ, ಆದರೆ ಅಲ್ಲಿ ದರ ಕಡಿಮೆ, ಮೊತ್ತವೂ ಸಾಮಾನ್ಯವಾಗಿ ಚಿಕ್ಕದು.

ಕ್ರೆಡಿಟ್ ಕಾರ್ಡಿನಲ್ಲಿ ಆಟ ಬೇರೆ. ಬಿಲ್ಲಿನ ದಿನ 19 ಇರುವಾಗ 18ರಂದು ಮಾಡಿದ ಖರೀದಿ 20ರಂದು ಪೋಸ್ಟ್ ಆದರೆ ಅದು ಮುಂದಿನ ಬಿಲ್ಲಿಗೆ ಜಾರುತ್ತದೆ, ಕಟ್ಟಲು ಒಂದು ತಿಂಗಳು ಹೆಚ್ಚು ಸಿಗುತ್ತದೆ. ಆದರೆ ಬಿಲ್ಲನ್ನು ಪೂರ್ತಿ ಕಟ್ಟದೆ ಬಡ್ಡಿ ಶುರುವಾದಾಗ ಅದನ್ನು ಸಾಮಾನ್ಯವಾಗಿ ಖರೀದಿಯ ದಿನದಿಂದಲೇ, ಅಂದರೆ 18ರಿಂದಲೇ, ಎಣಿಸುತ್ತಾರೆ. ಕೊನೆಯ ದಿನ ಸಂಜೆ ಬೇರೆ ಬ್ಯಾಂಕಿನ ಖಾತೆಯಿಂದ ಬಿಲ್ ಕಟ್ಟುವವರ ಖಾತೆಯಲ್ಲಿ ಅಂದೇ ಹಣ ಕಡಿತವಾಗಿದ್ದರೂ ಕಾರ್ಡಿನ ಕಡೆ ಜಮೆ ಮರುದಿನಕ್ಕೆ ಬೀಳಬಹುದು. ಕೊನೆಯ ದಿನ ಕಳೆದು ಮೂರು ದಿನಕ್ಕಿಂತ ಹೆಚ್ಚಾದಾಗ ಮಾತ್ರ ತಡಪಾವತಿ ಶುಲ್ಕ ಹಾಕಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ ಇಂಥ ಸಣ್ಣ ವಿಳಂಬವನ್ನು ತಾಳಿಕೊಳ್ಳುತ್ತದೆ.