ವಿಮಾನ ತಡವಾದಾಗ ನೋಡಬೇಕಾದ ಗಡಿಯಾರ ಎರಡು

ಯುರೋಪಿನ ಏರ್‌ಲೈನ್ ಒಂದರ ‘ವಿಮಾನ ವಿಳಂಬ’ ಸೂಚನಾಪತ್ರವನ್ನು ಸರಳ ಮಾಡುವ ಕೆಲಸ ನನ್ನ ಕೈಗೆ ಬಂದಿತ್ತು. ಬೆಂಗಳೂರಿನ ಗೇಟ್‌ನಲ್ಲಿ ಹಂಚುವ ಹಾಳೆ ಅದು. ಮೊದಲ ಸಾಲೇ ಹೀಗಿತ್ತು: “ನಿಯಮ 261/2004ರ 6ನೇ ವಿಧಿಯನ್ವಯ ನಿಗದಿತ ನಿರ್ಗಮನ ಸಮಯ ಮೀರಿದ ವಿಳಂಬದ ಸಂದರ್ಭದಲ್ಲಿ ಪ್ರಯಾಣಿಕರು 9ನೇ ವಿಧಿಯ ಸೌಲಭ್ಯಗಳಿಗೆ ಅರ್ಹರಾಗಿರುತ್ತಾರೆ.” ವಿಮಾನ ತಡವಾದಾಗ ಪ್ರಯಾಣಿಕರಿಗೆ ಏನು ಸಿಗಬೇಕು ಎಂದು ಹೇಳುವ ಯುರೋಪಿಯನ್ ಒಕ್ಕೂಟದ ನಿಯಮ ಅದು. ಸಾಲಿನಲ್ಲಿ ಒಂದೂ ತಪ್ಪಿಲ್ಲ. ಆದರೆ ರಾತ್ರಿ ಮೂರು ಗಂಟೆಗೆ, ಮಡಿಲಲ್ಲಿ ಮಗು ಮಲಗಿಸಿಕೊಂಡವರು ಇದನ್ನು ಓದಿ ಏನು ಮಾಡಬೇಕು?

ಮೊದಲ ಕರಡಿನಲ್ಲಿ ನಾನು ಕಷ್ಟದ ಪದಗಳನ್ನಷ್ಟೇ ಬದಲಾಯಿಸಿದ್ದೆ. ಜರ್ಮನಿಯಲ್ಲಿ ಮಗಳ ಮನೆಗೆ ಹೋಗಿಬರುವ ಪಕ್ಕದ ಮನೆಯ ಹಿರಿಯರೊಬ್ಬರಿಗೆ ಅದನ್ನು ಕೊಟ್ಟು, “ವಿಮಾನ ಎರಡು ಗಂಟೆ ತಡವಾಗಿ ಹೊರಟರೆ ನಿಮಗೆ ದುಡ್ಡು ಬರುತ್ತಾ ಸರ್?” ಎಂದು ಕೇಳಿದೆ. “ಎರಡೇ ಗಂಟೆ ಅಲ್ವಾ, ಬರಲ್ಲಮ್ಮ” ಅಂದರು. ಅಲ್ಲಿ ನನ್ನ ತಪ್ಪು ಗೊತ್ತಾಯಿತು. ತೊಂದರೆ ಪದಗಳದ್ದಲ್ಲ. ಈ ನಿಯಮದಲ್ಲಿ ಎರಡು ಗಡಿಯಾರಗಳಿವೆ, ಹಾಳೆ ಅವೆರಡನ್ನೂ ಕಲಸಿಬಿಟ್ಟಿತ್ತು.

ಊಟ, ತಿಂಡಿ, ಹೋಟೆಲ್ ಲೆಕ್ಕ ಹೊರಡುವ ಹೊತ್ತಿನದು. ಬೆಂಗಳೂರು–ಫ್ರಾಂಕ್‌ಫರ್ಟ್‌ನಂಥ ದೂರದ ಪ್ರಯಾಣದಲ್ಲಿ ಹೊರಡುವುದು ನಾಲ್ಕು ಗಂಟೆ ತಡವಾಗುತ್ತದೆ ಎಂದಾದರೆ ಏರ್‌ಲೈನ್ ಊಟ ಕೊಡಬೇಕು. ಮರುದಿನಕ್ಕೆ ಹೋದರೆ ಹೋಟೆಲೂ ಸೇರುತ್ತದೆ. ಪರಿಹಾರದ ಹಣದ ಲೆಕ್ಕ ಮಾತ್ರ ತಲುಪುವ ಹೊತ್ತಿನದು. ಕೊನೆಯ ಊರಿಗೆ ಮೂರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ತಡವಾಗಿ ತಲುಪಿದರೆ ಹಣ ಕೇಳಬಹುದು. ಇದು ನಿಯಮದ ಮೂಲ ಪಠ್ಯದಲ್ಲಿ ನೇರವಾಗಿ ಇಲ್ಲ. 2009ರಲ್ಲಿ ಯುರೋಪಿನ ನ್ಯಾಯಾಲಯ ಕೊಟ್ಟ ತೀರ್ಪಿನಿಂದ ಬಂದದ್ದು. ಹಳೆಯ ಹಾಳೆ ನಿಯಮವನ್ನಷ್ಟೇ ನಕಲು ಮಾಡಿತ್ತು, ಹಾಗಾಗಿ ಮುಖ್ಯ ವಿಷಯವೇ ಬಿಟ್ಟುಹೋಗಿತ್ತು.

ಹಾಗಾಗಿ ಹೊಸ ಹಾಳೆಯಲ್ಲಿ ಒಂದು ಉದಾಹರಣೆ ಬರೆದೆ. ಒಂದೇ ಟಿಕೆಟ್‌ನಲ್ಲಿ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ಹ್ಯಾಂಬರ್ಗ್‌ಗೆ ಪ್ರಯಾಣ. 3:10ಕ್ಕೆ ಹೊರಡಬೇಕಿದ್ದ ವಿಮಾನ 5:00ಕ್ಕೆ ಹೊರಟಿತು. ತಡವಾದದ್ದು ಒಂದು ಗಂಟೆ ಐವತ್ತು ನಿಮಿಷ, ಬೆಂಗಳೂರಿನಲ್ಲಿ ಊಟ ಸಿಗುವುದಿಲ್ಲ. ಆದರೆ ಫ್ರಾಂಕ್‌ಫರ್ಟ್‌ನಲ್ಲಿ ಮುಂದಿನ ವಿಮಾನ ತಪ್ಪಿತು. 11:20ಕ್ಕೆ ಹ್ಯಾಂಬರ್ಗ್ ತಲುಪಬೇಕಿದ್ದವರು ಮಧ್ಯಾಹ್ನ 3:40ಕ್ಕೆ ತಲುಪಿದರು. ನಾಲ್ಕು ಗಂಟೆ ಇಪ್ಪತ್ತು ನಿಮಿಷ ತಡ. ದೂರ 3,500 ಕಿಲೋಮೀಟರ್‌ಗಿಂತ ಜಾಸ್ತಿ ಇರುವುದರಿಂದ ತಲೆಗೆ 600 ಯೂರೊ. ಟಿಕೆಟ್ ಎಷ್ಟಕ್ಕೆ ಕೊಂಡರು ಅನ್ನುವುದು ಲೆಕ್ಕಕ್ಕಿಲ್ಲ. ತಡವಾದದ್ದು ಮೂರರಿಂದ ನಾಲ್ಕು ಗಂಟೆಯೊಳಗೆ ಇದ್ದಿದ್ದರೆ ಅರ್ಧ ಮಾತ್ರ, 300 ಯೂರೊ.

ಇಷ್ಟು ಹತ್ತಿರದ ಲೆಕ್ಕವಾದ್ದರಿಂದ ‘ತಲುಪಿದ್ದು’ ಅಂದರೆ ಯಾವಾಗ ಎಂದು ಬರೆಯಲೇಬೇಕಿತ್ತು. ಚಕ್ರ ನೆಲ ಮುಟ್ಟಿದಾಗ ಅಲ್ಲ, ವಿಮಾನದ ಒಂದು ಬಾಗಿಲಾದರೂ ತೆರೆದಾಗ. ಅದಕ್ಕೇ ಹಾಳೆಯ ನಡುವೆ ದಪ್ಪಕ್ಷರದಲ್ಲಿ ಹಾಕಿದೆ: “ಬಾಗಿಲು ತೆರೆದ ಸಮಯ ಬರೆದಿಟ್ಟುಕೊಳ್ಳಿ. ಬೋರ್ಡಿಂಗ್ ಪಾಸ್ ಎಸೆಯಬೇಡಿ.”

ಹಣ ಸಿಗದ ಸಂದರ್ಭಗಳನ್ನೂ ಮುಚ್ಚಿಡಬಾರದು. ಬಿರುಗಾಳಿ, ಏರ್ ಟ್ರಾಫಿಕ್ ಕಂಟ್ರೋಲ್ ತಡೆ ಇಂಥ ಏರ್‌ಲೈನ್ ಕೈಮೀರಿದ ಕಾರಣಗಳಿಗೆ ಪರಿಹಾರ ಇಲ್ಲ. ಊಟ, ಹೋಟೆಲ್ ಮಾತ್ರ ಆಗಲೂ ಕೊಡಬೇಕು. “ತಾಂತ್ರಿಕ ದೋಷ” ಎನ್ನುವ ಉತ್ತರ ಸಾಮಾನ್ಯವಾಗಿ ಈ ಪಟ್ಟಿಗೆ ಬರುವುದಿಲ್ಲ. ವಿಮಾನವನ್ನು ಸರಿಯಾಗಿ ಇಟ್ಟುಕೊಳ್ಳುವುದು ಏರ್‌ಲೈನ್‌ನ ದಿನನಿತ್ಯದ ಕೆಲಸ. ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಎಂದು ಹಾಳೆಯಲ್ಲಿ ಸೇರಿಸಿದ್ದು ಇದಕ್ಕೇ. ಇನ್ನೊಂದು ಮಿತಿ: ಬೆಂಗಳೂರಿನಿಂದ ಹೊರಡುವಾಗ ಈ ನಿಯಮ ಯುರೋಪಿಯನ್ ಒಕ್ಕೂಟದ ಏರ್‌ಲೈನ್ ನಡೆಸುವ ವಿಮಾನಕ್ಕೆ ಮಾತ್ರ. ಫ್ರಾಂಕ್‌ಫರ್ಟ್‌ನಿಂದ ವಾಪಸ್ ಬರುವಾಗ ಯಾವ ದೇಶದ ಏರ್‌ಲೈನ್ ಆದರೂ ಅನ್ವಯಿಸುತ್ತದೆ.

ಹಣ ಕೇಳುವ ದಾರಿಯನ್ನು ಹಳೆಯ ಹಾಳೆ “ಸಂಬಂಧಪಟ್ಟ ವಿಭಾಗವನ್ನು ಸಂಪರ್ಕಿಸಿ” ಎಂದು ಮುಗಿಸಿತ್ತು. ಯಾವ ವಿಭಾಗ, ಏನು ಬರೆಯಬೇಕು, ಒಂದೂ ಇಲ್ಲ. ನಾನು ಏರ್‌ಲೈನ್‌ನ ದೂರು ಪುಟದ ವಿಳಾಸದ ಕೆಳಗೆ ನಕಲು ಮಾಡಿಕೊಳ್ಳುವಂಥ ನಾಲ್ಕು ಸಾಲು ಇಟ್ಟೆ: “ನನ್ನ ಬುಕಿಂಗ್ ಸಂಖ್ಯೆ ಇದು. ಇಂಥ ದಿನ ಹ್ಯಾಂಬರ್ಗ್‌ಗೆ 11:20ಕ್ಕೆ ತಲುಪಬೇಕಿತ್ತು, ಬಾಗಿಲು ತೆರೆದದ್ದು 15:40ಕ್ಕೆ. EC 261/2004 ಪ್ರಕಾರ ಪ್ರತಿ ಪ್ರಯಾಣಿಕರಿಗೆ 600 ಯೂರೊ ಕೊಡಿ. ಬ್ಯಾಂಕ್ ಖಾತೆ ಇದು.” ಉತ್ತರ ಬಾರದಿದ್ದರೆ ಅಥವಾ ಸುಮ್ನೆ ಇಲ್ಲ ಅಂದರೆ ಮುಂದೆ ಯಾರಿಗೆ ಬರೆಯಬೇಕು ಎನ್ನುವುದು ಅದರ ಕೆಳಗೇ ಇದೆ.

ಕೊನೆಯ ಸಾಲಿಗೆ ಏರ್‌ಲೈನ್‌ನವರ ಜೊತೆ ಸ್ವಲ್ಪ ಜಗ್ಗಾಡಬೇಕಾಯಿತು. ವೋಚರ್ ಕೊಡುವ ಮಾತು ಮೊದಲು ಬರಲಿ ಎನ್ನುವುದು ಅವರ ಆಸೆ. ಆದರೆ ಪ್ರಯಾಣಿಕರು ಸಹಿ ಮಾಡಿ ಒಪ್ಪಿದರೆ ಮಾತ್ರ ಹಣದ ಬದಲು ವೋಚರ್ ಕೊಡಬಹುದು ಎಂದು ನಿಯಮದಲ್ಲೇ ಇದೆ. ಕೊನೆಗೆ ಒಪ್ಪಿದರು. ಈಗ ಅಲ್ಲಿ ಹೀಗಿದೆ: “ನಿಮಗೆ ಹಣವೇ ಬೇಕಿದ್ದರೆ ವೋಚರ್ ಪತ್ರಕ್ಕೆ ಸಹಿ ಮಾಡಬೇಡಿ.”